ಯಾವ ಜೋಡಿ ಎದುರಾಗುತ್ತದೆ?

ಐದು ಉತ್ತರಪತ್ರಿಕೆಗಳಿವೆ. ಅಂಕಗಳು 48, 12, 61, 35, 27. ಇವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕು. ಕಣ್ಣುಮುಚ್ಚಿ ಒಂದನ್ನು ಎಳೆಯಿರಿ, 35 ಬಂತೆನ್ನಿ. ಉಳಿದ ನಾಲ್ಕನ್ನೂ ಅದರ ಜೊತೆ ಹೋಲಿಸಿ, ಕಡಿಮೆ ಇದ್ದವನ್ನು ಎಡಕ್ಕೆ, ಹೆಚ್ಚಿದ್ದವನ್ನು ಬಲಕ್ಕೆ ಹಾಕಿ. 35 ತನ್ನ ಜಾಗ ಸೇರಿತು, ಅದನ್ನಿನ್ನು ಮುಟ್ಟುವಂತಿಲ್ಲ. ಎಡಬಲದ ಗುಂಪುಗಳಿಗೂ ಹೀಗೇ ಮಾಡುತ್ತ ಹೋಗಿ. ಇದೇ ಕ್ವಿಕ್‌ಸಾರ್ಟ್, ಹೀಗೆ ಎಳೆದ ಪತ್ರಿಕೆಯೇ ಪಿವಟ್. ಟೋನಿ ಹೋರ್ 1961ರಲ್ಲಿ ಇದನ್ನು ಪ್ರಕಟಿಸಿದಾಗಲೇ ಪಿವಟನ್ನು ಯಾದೃಚ್ಛಿಕವಾಗಿ ಆರಿಸಿದ್ದರು.

ಹಾಗೆ ಆರಿಸುವುದಕ್ಕೆ ಕಾರಣವಿದೆ. ಯಾವಾಗಲೂ ಮೊದಲನೆಯದನ್ನೇ ಪಿವಟ್ ಮಾಡಿದರೆ, ಮೊದಲೇ ಜೋಡಿಸಿಟ್ಟ 1000 ಪತ್ರಿಕೆಗಳ ಕಟ್ಟಿಗೆ 4,99,500 ಹೋಲಿಕೆಗಳು ಬೇಕಾಗುತ್ತವೆ. ಪ್ರತಿ ಜೋಡಿಯನ್ನೂ ಹೋಲಿಸಿದಂತಾಯಿತು.

ಯಾದೃಚ್ಛಿಕವಾಗಿ ಆರಿಸಿದರೆ ಎಷ್ಟು ಬೇಕು? ಗುಂಪುಗಳು ಹೇಗೆ ಒಡೆಯುತ್ತವೆಂದು ಲೆಕ್ಕ ಹಾಕಹೊರಟರೆ ತಲೆ ಕೆಡುತ್ತದೆ. ಅದನ್ನು ಬಿಟ್ಟು ಒಂದೊಂದೇ ಜೋಡಿಯನ್ನು ನೋಡೋಣ. ಪ್ರತಿ ಜೋಡಿಗೂ ಒಂದು ಸೂಚಕ ಇಡಿ: ಆ ಎರಡನ್ನು ಹೋಲಿಸಿದರೆ 1, ಇಲ್ಲವಾದರೆ 0. ಒಮ್ಮೆ ಹೋಲಿಸಿದ ಮೇಲೆ ಪಿವಟ್ ಆಟದಿಂದ ಹೊರಗೆ, ಹಾಗಾಗಿ ಯಾವ ಜೋಡಿಯೂ ಎರಡು ಸಲ ಎದುರಾಗದು. ಎಲ್ಲ ಸೂಚಕಗಳ ಮೊತ್ತವೇ ಒಟ್ಟು ಹೋಲಿಕೆ.

27 ಮತ್ತು 48ರ ಜೋಡಿ ತೆಗೆದುಕೊಳ್ಳಿ. ಮೊದಲು 12 ಬಂದರೆ ಎರಡೂ ಬಲಕ್ಕೆ, 61 ಬಂದರೆ ಎರಡೂ ಎಡಕ್ಕೆ. ಜೊತೆ ಮುರಿಯಲಿಲ್ಲ, ಏನೂ ತೀರ್ಮಾನವಾಗಲಿಲ್ಲ. ತೀರ್ಮಾನ 27, 35, 48 ಈ ಮೂರರ ಕೈಯಲ್ಲಿದೆ. ಮೂರರಲ್ಲಿ 35 ಮೊದಲು ಬಂದರೆ ಇವೆರಡೂ ಬೇರೆ ಬೇರೆ ಗುಂಪಾಗಿ ಮತ್ತೆಂದೂ ಸೇರುವುದಿಲ್ಲ. 27 ಅಥವಾ 48 ಬಂದರೆ ಹೋಲಿಕೆ ಆಗಿಯೇ ಆಗುತ್ತದೆ. ಮೂರಕ್ಕೂ ಸಮಾನ ಅವಕಾಶ, ಆದ್ದರಿಂದ ಸಂಭವನೀಯತೆ 2/3. ಇಡೀ ಸಾಧನೆಯ ಜೀವ ಇಲ್ಲಿದೆ.

ಜೋಡಿಸಿದ ಸಾಲಿನಲ್ಲಿ ಪಕ್ಕಪಕ್ಕದವನ್ನು ಬೇರ್ಪಡಿಸಲು ನಡುವೆ ಯಾರೂ ಇಲ್ಲ, ಅವನ್ನು ಹೋಲಿಸಲೇಬೇಕು. ಅಂಥವು 4 ಜೋಡಿ. ಒಂದು ಬಿಟ್ಟು ಒಂದು ಇರುವ 3 ಜೋಡಿಗೆ 2/3ರಂತೆ 2. ಎರಡನ್ನು ಬಿಟ್ಟ 2 ಜೋಡಿಗೆ 2/4ರಂತೆ 1. ಎರಡು ತುದಿಗಳಾದ 12 ಮತ್ತು 61ಕ್ಕೆ 2/5, ಅಂದರೆ 0.4. ಒಟ್ಟು ಸರಾಸರಿ 7.4 ಹೋಲಿಕೆ, ಇರುವ ಜೋಡಿಗಳು 10. ಒಂದು ಜೋಡಿಯ ಗತಿಗೂ ಇನ್ನೊಂದರ ಗತಿಗೂ ನಂಟಿದೆ, ನಿಜ. ಆದರೂ ಹೀಗೆ ಕೂಡಬಹುದು, ಏಕೆಂದರೆ ಮೊತ್ತದ ಸರಾಸರಿ ಯಾವಾಗಲೂ ಸರಾಸರಿಗಳ ಮೊತ್ತವೇ.

ಇದೇ ಲೆಕ್ಕ n ಪತ್ರಿಕೆಗಳಿಗೆ ಸುಮಾರು `2n ln n` ದರದಲ್ಲಿ ಬೆಳೆಯುತ್ತದೆ. 1000ಕ್ಕೆ ಸರಾಸರಿ ಸುಮಾರು 10,986 ಹೋಲಿಕೆ. ಕಟ್ಟು ಯಾವ ಕ್ರಮದಲ್ಲಿ ಬಂದರೂ ಇಷ್ಟೇ, ಏಕೆಂದರೆ ಈ ಸರಾಸರಿ ಪಿವಟ್ ಆಯ್ಕೆಯ ಮೇಲಿನದು, ಕಟ್ಟಿನ ಮೇಲಿನದಲ್ಲ.

ಅಂಕಗಳೆಲ್ಲ ಬೇರೆ ಬೇರೆ ಎಂದು ಇಲ್ಲಿ ಒಪ್ಪಿಕೊಂಡಿದ್ದೇವೆ. ಸಾವಿರ ಮಂದಿಗೂ 35 ಬಂದು, ಸಮನಾದವನ್ನೆಲ್ಲ ಒಂದೇ ಕಡೆಗೆ ತಳ್ಳಿದರೆ, ಯಾದೃಚ್ಛಿಕ ಆಯ್ಕೆಯೂ ಕಾಪಾಡದು, ಮತ್ತೆ 4,99,500. ಆಗ ಸಮನಾದವಕ್ಕೇ ಮೂರನೆಯ ಗುಂಪು ಮಾಡಬೇಕು.