ಊರಿನ ವಿಳಾಸ, ನಗರದ ಖಾತೆ

ರಾಯಚೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗನೊಬ್ಬ ಉಳಿತಾಯ ಖಾತೆ ತೆರೆಯಬೇಕು ಅನ್ನಿ. ಫೋಟೊ ಇದೆ, ಪ್ಯಾನ್ ಇದೆ. ಪ್ಯಾನ್ ಇಲ್ಲದವರು ಅದರ ಬದಲು ಘೋಷಣಾ ಪತ್ರ ಕೊಡಬಹುದು. ಗುರುತಿಗೆ ಮತದಾರರ ಚೀಟಿಯೂ ಇದೆ, ಆದರೆ ಅದರಲ್ಲಿರುವುದು ಊರಿನ ವಿಳಾಸ.

ಹಾಗೆಂದು ಬ್ಯಾಂಕಿನಿಂದ ಬರಿಗೈಯಲ್ಲಿ ಮರಳಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2 ತಿಂಗಳೊಳಗಿನ ವಿದ್ಯುತ್, ನೀರು ಅಥವಾ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲು ಸದ್ಯದ ವಿಳಾಸಕ್ಕೆ ಸಾಕ್ಷಿಯಾಗುತ್ತದೆ. ಬಾಡಿಗೆ ಮನೆಯ ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿರುತ್ತದೆ. ಅಂಥವರಿಗೆ ಮೊಬೈಲ್ ಬಿಲ್ಲೇ ಆಸರೆ. ಮುಂದಿನ 3 ತಿಂಗಳಲ್ಲಿ ಹೊಸ ವಿಳಾಸವಿರುವ ಅಧಿಕೃತ ದಾಖಲೆ ಒಪ್ಪಿಸಬೇಕು.

ಇಷ್ಟು ಹಟವೇಕೆ? 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಬ್ಯಾಂಕಿಗೆ ಬೇರೆ ದಾರಿ ಬಿಟ್ಟಿಲ್ಲ. ವಂಚಕರು ಕದ್ದ ಹಣವನ್ನು ಬೇರೆಯವರ ಖಾತೆಗಳ ಮೂಲಕ ದಾಟಿಸುತ್ತಾರೆ. ಆಗ ಪೊಲೀಸರು ಮೊದಲು ತಟ್ಟುವುದು ಖಾತೆಯಲ್ಲಿ ಬರೆದಿರುವ ವಿಳಾಸದ ಬಾಗಿಲನ್ನೇ.