ಇಟ್ಟಿಗೆ ಎಣಿಸುವುದು ಗೋಡೆಯ ಮುಖದ ಮೇಲೆ

ಮನೆ ಕಟ್ಟಿಸುವವರು ಇಟ್ಟಿಗೆಯ ಲೆಕ್ಕ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಘನ ಮೀಟರಿಗೆ ಐನೂರು’. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು 190×90×90 ಮಿಲಿಮೀಟರ್ ಅಳತೆಯ ಮಾಡ್ಯುಲರ್ ಇಟ್ಟಿಗೆಗೆ ಹೊಂದುವ ಸಂಖ್ಯೆ. ನಮ್ಮ ಒಂಬತ್ತಿಂಚಿನ ಇಟ್ಟಿಗೆಯ ಭಾರತೀಯ ಮಾನಕದ ಅಳತೆ 230×110×70 ಮಿಲಿಮೀಟರ್. ಊರಿನ ಗೂಡುಗಳಿಂದ ಬರುವ ಇಟ್ಟಿಗೆ ಇದಕ್ಕಿಂತ ಹೆಚ್ಚು ಕಡಿಮೆ ಇರುತ್ತದೆ. ಹಾಗಾಗಿ ಮೊದಲು 20 ಇಟ್ಟಿಗೆಗಳನ್ನು ಸಾಲಾಗಿ ತಾಗಿಸಿಟ್ಟು ಅಳೆದು, ಸರಾಸರಿ ತೆಗೆಯಬೇಕು. ಒಂದೇ ಇಟ್ಟಿಗೆ ಅಳೆದು ನಂಬಬಾರದು.

ಗೋಡೆಯನ್ನು ಘನ ಅಳತೆಯಲ್ಲಿ ನೋಡುವುದಕ್ಕಿಂತ ಎದುರಿನಿಂದ ನೋಡಿದರೆ ಲೆಕ್ಕ ಸುಲಭ. 10 ಮಿ.ಮೀ. ಸಂದು ಬಿಟ್ಟರೆ, ಉದ್ದುದ್ದ ಇಟ್ಟ ಪ್ರತಿ ಇಟ್ಟಿಗೆಯೂ ಗೋಡೆಯ ಮುಖದಲ್ಲಿ 240×80 ಮಿ.ಮೀ. ಜಾಗ ಹಿಡಿಯುತ್ತದೆ. ಅಂದರೆ ಚದರ ಮೀಟರಿಗೆ 52 ಇಟ್ಟಿಗೆ. ನಾಲ್ಕೂವರೆ ಇಂಚಿನ ಗೋಡೆಗೆ ಇಷ್ಟು ಸಾಕು. ಒಂಬತ್ತಿಂಚಿನ ಗೋಡೆಯಲ್ಲಿ ಇಂಥವು ಎರಡು ಸಾಲು, ಆದ್ದರಿಂದ 104. ಮಧ್ಯೆ ಅಡ್ಡ ಇಟ್ಟಿಗೆಗಳ ವರಸೆ ಬಂದರೂ ಈ ಸಂಖ್ಯೆ ಬದಲಾಗುವುದಿಲ್ಲ.

ಮೂರೂ ದಿಕ್ಕಿಗೆ 10 ಮಿ.ಮೀ. ಸೇರಿಸಿ, ಘನ ಮೀಟರಿಗೆ 434 ಎಂದು ತೆಗೆಯುವ ಅಡ್ಡದಾರಿಯೂ ಇದೆ. ಅದು ಗೋಡೆಯ ಹೊರಮೈಗೂ ಒಂದು ಸಂದನ್ನು ಎಣಿಸಿಬಿಡುತ್ತದೆ. ಒಂಬತ್ತಿಂಚಿನ ಗೋಡೆಯ ದಪ್ಪದಲ್ಲಿ ಇರುವುದು ಒಂದೇ ಸಂದು, ನಾಲ್ಕೂವರೆ ಇಂಚಿನದರಲ್ಲಿ ಒಂದೂ ಇಲ್ಲ. ಆದ್ದರಿಂದಲೇ ಎರಡಕ್ಕೂ ಒಂದೇ ಘನ ಲೆಕ್ಕ ಹೊಂದುವುದಿಲ್ಲ.

ಗಾರೆಯ ಲೆಕ್ಕವನ್ನು ಲೀಟರಿನಲ್ಲಿ ಮಾಡಿದರೆ ಬಾಯಲ್ಲೇ ಹೇಳಬಹುದು. ಒಂಬತ್ತಿಂಚಿನ ಗೋಡೆಯ ಒಂದು ಚದರ ಮೀಟರ್ ಎಂದರೆ 230 ಲೀಟರ್. ಒಂದು ಇಟ್ಟಿಗೆ 1.77 ಲೀಟರ್, 104 ಇಟ್ಟಿಗೆಗೆ 184 ಲೀಟರ್. ಉಳಿದ 46 ಲೀಟರ್ ಗಾರೆಯ ಪಾಲು. ಇಟ್ಟಿಗೆಯ ಮೇಲೆ ಹೆಸರು ಒತ್ತಿದ ತಗ್ಗಿದ್ದರೆ, ಅದನ್ನು ತುಂಬಲು ಇನ್ನೊಂದು 4 ಲೀಟರ್ ಸೇರಿಸಿ. ತಗ್ಗು ಮೇಲ್ಮುಖವಾಗಿಯೇ ಇರಬೇಕು. ಕೆಳಮುಖ ಮಾಡಿದರೆ ಗಾರೆ ಉಳಿದಂತೆ ಕಾಣುತ್ತದೆ, ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ.

ಈಗ ಒಂದು ಗೋಡೆಯನ್ನೇ ಲೆಕ್ಕ ಹಾಕೋಣ. ಉದ್ದ 4 ಮೀಟರ್, ಎತ್ತರ 3 ಮೀಟರ್, ಒಟ್ಟು 12 ಚದರ ಮೀಟರ್. ಬಾಗಿಲು 1×2.1, ಕಿಟಕಿ 1.2×1.5, ಉದ್ದಕ್ಕೂ ಹೋಗುವ 15 ಸೆಂ.ಮೀ. ಲಿಂಟಲ್ ಪಟ್ಟಿ: ಇವು ಸೇರಿ 4.5 ಕಳೆದರೆ ಕಟ್ಟುವುದು 7.5 ಚದರ ಮೀಟರ್. ಇಟ್ಟಿಗೆ 780. ಇಳಿಸುವಾಗ ಒಡೆಯುವುದು, ಬಾಗಿಲಿನ ಪಕ್ಕದಲ್ಲಿ ಕತ್ತರಿಸುವುದು ಎಂದು ನೂರಕ್ಕೆ 5 ಸೇರಿಸಿ, 820 ತರಿಸಬೇಕು. ಐನೂರರ ಲೆಕ್ಕ ಹಿಡಿದಿದ್ದರೆ, ಈ ನಷ್ಟ ಸೇರಿಸುವ ಮೊದಲೇ 862 ಆಗುತ್ತಿತ್ತು. 434ರ ಲೆಕ್ಕದಲ್ಲಿ 749 ಬಂದು ಕೆಲಸ ನಡುವೆ ನಿಲ್ಲುತ್ತಿತ್ತು.

ಗಾರೆ ಚದರ ಮೀಟರಿಗೆ 50 ಲೀಟರಿನಂತೆ 375. ಕೆಳಗೆ ಬೀಳುವುದು, ಬಾಂಡಲಿಯಲ್ಲಿ ಗಟ್ಟಿಯಾಗುವುದು ಇದ್ದೇ ಇದೆ, ನೂರಕ್ಕೆ 10 ಸೇರಿಸಿದರೆ ಸುಮಾರು 412 ಲೀಟರ್. ಇದು ಕಲಸಿದ ಗಾರೆ. ನೀರು ಹಾಕಿದಾಗ ಮರಳಿನ ಸಂದುಗಳಿಗೆ ಸಿಮೆಂಟ್ ಇಳಿದು ಒಟ್ಟು ಕುಗ್ಗುತ್ತದೆ. ಅದಕ್ಕಾಗಿ ಒಣ ಸಾಮಗ್ರಿ 1.3 ಪಟ್ಟು ಬೇಕು: ಸುಮಾರು 536 ಲೀಟರ್. ಒಂದಕ್ಕೆ ಆರರ ಮಿಶ್ರಣದಲ್ಲಿ ಏಳನೇ ಒಂದು ಪಾಲು, ಅಂದರೆ 77 ಲೀಟರ್ ಸಿಮೆಂಟ್. 50 ಕಿಲೋ ಚೀಲ ಸುಮಾರು 35 ಲೀಟರ್. ಹೀಗಾಗಿ ಎರಡು ಚೀಲ ಮುಗಿದು ಮೂರನೆಯದರ ಬಾಯಿ ಬಿಚ್ಚಬೇಕು. ಮರಳು 460 ಲೀಟರ್, ಸುಮಾರು 16 ಘನ ಅಡಿ. ತೇವದ ಮರಳು ಉಬ್ಬಿರುತ್ತದೆ. ಅದನ್ನು ಅಳೆದು ಹಾಕಿದರೆ ನಿಜವಾದ ಮರಳು ಕಡಿಮೆ ಬೀಳುವುದರಿಂದ ಇನ್ನಷ್ಟು ತರಿಸಬೇಕು.

ಈ ಲೆಕ್ಕವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸಂದಿನ ದಪ್ಪ. ಅಂಚು ಸೊಟ್ಟಗಿರುವ, ಒಂದೇ ಎತ್ತರವಿಲ್ಲದ ಇಟ್ಟಿಗೆ ಬಂದರೆ ಮೇಸ್ತ್ರಿ ವರಸೆ ಸಮ ಮಾಡಲು ಗಾರೆಯನ್ನೇ ದಪ್ಪ ಹಾಕಬೇಕಾಗುತ್ತದೆ. ಸಂದು 15 ಮಿ.ಮೀ. ಆದರೆ ಚದರ ಮೀಟರಿಗೆ ಇಟ್ಟಿಗೆ 104ರಿಂದ 96ಕ್ಕೆ ಇಳಿಯುತ್ತದೆ, ಸಂದಿನ ಗಾರೆ 46 ಲೀಟರಿನಿಂದ 60ಕ್ಕೆ ಏರುತ್ತದೆ. ಎಂಟು ಇಟ್ಟಿಗೆ ಉಳಿದದ್ದಕ್ಕೆ ಮೂರನೇ ಒಂದರಷ್ಟು ಹೆಚ್ಚು ಗಾರೆ ಹೋಯಿತು. ದಪ್ಪ ಸಂದಿನ ಗೋಡೆಗೆ ಬಲವೂ ಕಡಿಮೆ. ಅಗ್ಗದ ಇಟ್ಟಿಗೆಯ ಬೆಲೆ ನೋಡುವಾಗ ಈ ಸಿಮೆಂಟಿನ ಬೆಲೆಯನ್ನೂ ಸೇರಿಸಿಯೇ ನೋಡಬೇಕು.

ಪರೀಕ್ಷೆಗೆ ಟೇಪ್ ಸಾಕು. ಹತ್ತು ವರಸೆಯ ಎತ್ತರ ಅಳೆಯಿರಿ. 80 ಸೆಂಟಿಮೀಟರ್ ಬಂದರೆ ಸಂದು ಸರಿ, 85 ಬಂದರೆ ಸಂದು 15 ಮಿ.ಮೀ. ಆಗಿದೆ. ಮೊದಲ ದಿನವೇ ಅಳೆದರೆ ಮುಂದಿನ ವರಸೆಗಳಲ್ಲಾದರೂ ಸರಿಪಡಿಸಲು ಹೇಳಬಹುದು.