ರಷ್ಯನ್ನರಿಗೂ ಚಳಿ ಆಗುತ್ತದೆ

ಮಾಸ್ಕೋದ ಚಳಿಗಾಲದಲ್ಲಿ ನಡುಗುತ್ತಾ ನಿಂತವನು ‘ಯಾ ಹಲೋದ್ನಿ’ ಎಂದರೆ ಯಾರೂ ಅವನಿಗೆ ಕಂಬಳಿ ಹೊದಿಸಲಾರರು. ‘ಯಾ’ ಅಂದರೆ ನಾನು, ‘ಹಲೋದ್ನಿ’ ಅಂದರೆ ತಣ್ಣನೆಯವನು. ಮೈ ಮುಟ್ಟಿದರೆ ತಣ್ಣಗಿರುವವನು ಅಥವಾ ಮನಸ್ಸಿನಲ್ಲಿ ಪ್ರೀತಿಯಿಲ್ಲದವನು ಎಂಬ ಅರ್ಥ ಬರುತ್ತದೆ. ಇಂಗ್ಲಿಷ್‌ನ ‘ಐ ಆಮ್ ಕೋಲ್ಡ್’ ಅನ್ನು ಪದಕ್ಕೆ ಪದ ಇಟ್ಟರೆ ಆಗುವ ಫಜೀತಿ ಇದು. ಅಲ್ಲಿಯವರು ಹೇಳುವುದು ‘ಮ್ನೆ ಹೋಲದ್ನ’, ಅಂದರೆ ನನಗೆ ಚಳಿ.

ಈ ‘ಮ್ನೆ’ ನಮ್ಮ ಚತುರ್ಥಿ ವಿಭಕ್ತಿಯೇ. ಚಳಿ, ಸೆಖೆ, ಬೇಸರಗಳನ್ನು ಮನುಷ್ಯ ಮಾಡುವುದಿಲ್ಲ, ಅವು ಅವನಿಗೆ ಆಗುತ್ತವೆ. ವಾಕ್ಯದಲ್ಲಿ ಕರ್ತೃವೇ ಇಲ್ಲದ ಕಾರಣ ಕ್ರಿಯಾಪದವೂ ಯಾರ ಲಿಂಗವನ್ನೂ ಹಿಡಿಯುವುದಿಲ್ಲ. ನಿನ್ನೆ ಚಳಿಯಾಗಿತ್ತು ಎನ್ನಲು ಹುಡುಗನೂ ಹುಡುಗಿಯೂ ಹೇಳುವುದು ಒಂದೇ: ‘ಮ್ನೆ ಬೀಲ ಹೋಲದ್ನ’. ‘ಬೀಲ’ ನಪುಂಸಕ ಲಿಂಗದ ‘ಇತ್ತು’.

ಇಷ್ಟದ ಮಾತಿಗೆ ಬಂದರೆ ಕರ್ತೃ ಇರುತ್ತದೆ, ಆದರೆ ಇಷ್ಟಪಟ್ಟವರು ಆ ಜಾಗದಲ್ಲಿರುವುದಿಲ್ಲ. ‘ಫಿಲ್ಮ್’ ರಷ್ಯನ್ನಿನಲ್ಲಿ ಪುಲ್ಲಿಂಗ, ಪುಸ್ತಕ ಎಂಬರ್ಥದ ‘ಕ್ನೀಗ’ ಸ್ತ್ರೀಲಿಂಗ. ಹಾಗಾಗಿ ‘ಮ್ನೆ ಪನ್ರಾವಿಲ್ಸ್ಯ ಫಿಲ್ಮ್’, ಆದರೆ ‘ಮ್ನೆ ಪನ್ರಾವಿಲಸ್ ಕ್ನೀಗ’. ಇಂಗ್ಲಿಷ್ ಹಾದಿಯಲ್ಲಿ ಬಂದವರಿಗೆ ಇದು ತಲೆಕೆಳಗೆ ಕಾಣುತ್ತದೆ. ‘ನನಗೆ ಅವನು ಇಷ್ಟವಾದ, ಅವಳು ಇಷ್ಟವಾದಳು’ ಎನ್ನುವ ನಮಗೆ ಹಾಗೆ ಕಾಣಬೇಕಾಗಿಲ್ಲ. ಆದರೂ ವೈದ್ಯಕೀಯ ಓದಲು ಅಲ್ಲಿಗೆ ಹೋಗುವ ನಮ್ಮ ಮಕ್ಕಳು ರಷ್ಯನ್ ಕಲಿಯುವುದು ಇಂಗ್ಲಿಷ್ ಪುಸ್ತಕದಿಂದ. ಮನೆಯಲ್ಲೇ ಇರುವ ವ್ಯಾಕರಣವನ್ನು ಬಳಸಿ ಬರುವ ದಾರಿ!

ಎಡವುವ ಜಾಗ ‘ಬೇಕು’. ನಮ್ಮ ‘ಬೇಕು’ ಯಾವುದಕ್ಕೂ ಬಗ್ಗದ ಪದ. ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ದುಡ್ಡು ಬೇಕು. ರಷ್ಯನ್ನಿನಲ್ಲಿ ಬೇಕಾದ ವಸ್ತುವೇ ಕರ್ತೃ, ‘ಬೇಕು’ ಅದರಂತೆ ರೂಪ ಬದಲಿಸುತ್ತದೆ. ಪುಲ್ಲಿಂಗದ ಪಾಸ್‌ಪೋರ್ಟಿಗೆ ‘ಮ್ನೆ ನೂಝನ್’, ಸ್ತ್ರೀಲಿಂಗದ ವೀಸಾಕ್ಕೆ ‘ಮ್ನೆ ನುಝ್ನಾ’, ಸದಾ ಬಹುವಚನದಲ್ಲೇ ಇರುವ ದುಡ್ಡಿಗೆ ‘ಮ್ನೆ ನುಝ್ನಿ’. ‘ಹೋಗಬೇಕು’, ‘ಓದಬೇಕು’ ಎಂದು ಕ್ರಿಯೆ ಬಂದರೆ ಮಾತ್ರ ‘ಮ್ನೆ ನೂಝ್ನ’ ಎಂಬ ಒಂದೇ ರೂಪ ಸಾಕು. ಕನ್ನಡಿಗರ ನಾಲಿಗೆ ಈ ಕೊನೆಯ ರೂಪವನ್ನೇ ಎಲ್ಲ ಕಡೆಗೂ ಹಚ್ಚುತ್ತದೆ. ಕೇಳಿದವರಿಗೆ ಅರ್ಥವಾಗುತ್ತದೆ, ತಪ್ಪಂತೂ ತಪ್ಪೇ.

‘ಮ್ನೆ’ಯನ್ನು ಎಲ್ಲಿ ಬೇಕೆಂದರಲ್ಲಿ ಹಾಕುವ ಹಾಗೂ ಇಲ್ಲ. ‘ನನಗೆ ಗೊತ್ತು’ ಎನ್ನಲು ರಷ್ಯನ್ನರು ‘ಯಾ ಜ್ನಾಯು’ ಎನ್ನುತ್ತಾರೆ. ಇಲ್ಲಿ ತಿಳಿದವನೇ ಕರ್ತೃ. ಪ್ರೀತಿಸುತ್ತೇನೆ ಎನ್ನುವಾಗಲೂ ‘ಯಾ ಲ್ಯುಬ್ಲ್ಯೂ’. ಜ್ವರ ಬಂದವನು ‘ಉ ಮೆನ್ಯಾ ತೆಂಪೆರತೂರ’ ಎನ್ನುತ್ತಾನೆ, ಅಂದರೆ ಜ್ವರ ‘ನನ್ನ ಬಳಿ’ ಇದೆ.

ಆದ್ದರಿಂದ ರಷ್ಯನ್ ಕಲಿಯುವವರು ಟಿಪ್ಪಣಿ ಪುಸ್ತಕದಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ‘ಗೊತ್ತು’ ಮತ್ತು ‘ಜ್ವರ’ದಂಥವಕ್ಕೆ ಮಾತ್ರ ಬೇರೊಂದು ಪುಟ ಇಡಿ.